ಚೀಟಿಗೆ ಅಂಕ ಬೇಡ, ಮರುದಿನದ ಐದು ನಿಮಿಷ ಕೊಡಿ

ಪಾಠ ಆಧಾರಿತ ಮೌಲ್ಯಾಂಕನ ಬಂದ ಮೇಲೆ ನಮ್ಮ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತಿದೆ. ಶಿಕ್ಷಕರಿಗೆ ಹೊರೆ ಎಷ್ಟು? ಪ್ರಶ್ನಕೋಠಿಯಲ್ಲಿ ಸುಲಭ, ಸಾಧಾರಣ, ಕಠಿಣ ಪ್ರಶ್ನೆಗಳ ಪಾಲು ಎಷ್ಟು? ಇದರ ನಡುವೆ ಕೆಲವು ಶಾಲೆಗಳಲ್ಲಿ ತರಗತಿಯ ಕೊನೆಗೆ ಮಕ್ಕಳಿಂದ ಚೀಟಿ ಬರೆಸುವ ಎಕ್ಸಿಟ್ ಟಿಕೆಟ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತಿದೆ. ಚೀಟಿಗೂ ಅಂಕ, ಅಂಕಕ್ಕೊಂದು ರಿಜಿಸ್ಟರು. ಇದು ತಪ್ಪು ದಾರಿ. ಚೀಟಿಗೆ ಅಂಕ ಹಾಕಿದ ದಿನವೇ ಅದರ ಕೆಲಸ ಕೆಟ್ಟಿತು. ಹಾಸನ ಸೀಮೆಯ ಒಂದು ವಿಜ್ಞಾನ ಪಾಠವನ್ನೇ ಹಿಡಿದು ಇದನ್ನು ತೋರಿಸಬಹುದು.

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ದ್ಯುತಿಸಂಶ್ಲೇಷಣೆ ಮುಗಿಯಿತು ಎನ್ನಿ. ‘ಸಸ್ಯ ಆಹಾರ ತಯಾರಿಸಲು ಏನೇನು ಬೇಕು?’ ಎಂದು ಚೀಟಿಯಲ್ಲಿ ಕೇಳಿದರೆ ಮಕ್ಕಳು ಬೆಳಕು, ನೀರು, ಪತ್ರಹರಿತ್ತು, ಇಂಗಾಲದ ಡೈಆಕ್ಸೈಡ್ ಎಂದು ಬರೆಯುತ್ತಾರೆ. ಬಹುಪಾಲು ಉತ್ತರ ಸರಿಯೇ. ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ನೂರು ಕೆಜಿ ಆಲೂಗಡ್ಡೆಯಲ್ಲಿ ನೀರು ಕಳೆದು ಉಳಿಯುವ ಒಣ ಪದಾರ್ಥದ ಹೆಚ್ಚಿನ ಪಾಲು ಎಲ್ಲಿಂದ ಬಂತು? ಮಣ್ಣು, ಗೊಬ್ಬರ, ಗಾಳಿ, ಬಿತ್ತಿದ ಗೆಡ್ಡೆ; ಒಂದನ್ನು ಆರಿಸಿ, ಕಾರಣ ಬರೆಯಿರಿ.’ ಮೊದಲ ಪ್ರಶ್ನೆಗೆ ಸರಿಯಾಗಿ ಬರೆದ ಮಕ್ಕಳೇ ಇಲ್ಲಿ ಗೊಬ್ಬರ, ಮಣ್ಣು ಎನ್ನುತ್ತಾರೆ. ಅದಕ್ಕೆ ಅವರನ್ನು ದೂರುವಂತಿಲ್ಲ. ಜಲಂಧರಿನ ಬಿತ್ತನೆ ಗೆಡ್ಡೆಗೂ ಗೊಬ್ಬರಕ್ಕೂ ಮನೆಯವರು ಸಾಲ ಮಾಡುವುದನ್ನು ಆ ಮಕ್ಕಳು ಕಂಡಿದ್ದಾರೆ. ಗಾಳಿಗೆ ಯಾರೂ ದುಡ್ಡು ಕೊಟ್ಟಿಲ್ಲ.

ಇಲ್ಲಿ ಎಲ್ಲರೂ ಬದಿಗಿಟ್ಟ ಸಂಖ್ಯೆ ಒಂದಿದೆ. ನೂರು ಕೆಜಿ ಆಲೂಗಡ್ಡೆಯಲ್ಲಿ ಸುಮಾರು 80 ಕೆಜಿ ನೀರು. ಉಳಿದ 20 ಕೆಜಿಯಲ್ಲಿ ಬಹುಪಾಲು ಪಿಷ್ಟ. ಸುಟ್ಟರೆ ಬೂದಿಯಾಗಿ ಉಳಿಯುವ ಖನಿಜ ಒಂದು ಕೆಜಿ ಆಸುಪಾಸು. ಪ್ರೋಟೀನಿನೊಳಗಿನ ಸಾರಜನಕವನ್ನು ಸೇರಿಸಿದರೂ ಮಣ್ಣು ಮತ್ತು ಗೊಬ್ಬರದ ಪಾಲು ಒಂದೂವರೆ ಕೆಜಿಯ ಸುತ್ತಲೇ ನಿಲ್ಲುತ್ತದೆ. ಪಿಷ್ಟದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಇನ್ನರ್ಧ ಆಮ್ಲಜನಕ, ಸ್ವಲ್ಪ ಜಲಜನಕ. ಇಂಗಾಲವೂ ಆಮ್ಲಜನಕವೂ ಎಲೆಯ ರಂಧ್ರಗಳ ಮೂಲಕ ಗಾಳಿಯಿಂದ ಬಂದವು. ಗೊಬ್ಬರವಿಲ್ಲದೆ ಎಲೆ ಬೆಳೆಯದು, ನಿಜ. ಆದರೆ ಗೆಡ್ಡೆ ತುಂಬಿದ್ದು ಗೊಬ್ಬರದಿಂದಲ್ಲ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ಮಗುವಿಗೆ ಈ ಒಂದೂವರೆ ಕೆಜಿಯ ಲೆಕ್ಕ ಹೊಳೆಯದಿದ್ದರೆ, ಆ ಸಮೀಕರಣ ಅದಕ್ಕೆ ಬಾಯಿಪಾಠವಷ್ಟೇ.

ಹಾಗಾಗಿ ಚೀಟಿಯ ಹಂತಗಳು ಪ್ರಶ್ನಕೋಠಿಯ ಸುಲಭ, ಸಾಧಾರಣ, ಕಠಿಣಗಳಲ್ಲ. ಮೊದಲ ಹಂತ ನೆನಪು. ಎರಡನೆಯದು ಉತ್ತರದ ಜೊತೆ ಕಾರಣ. ಮೂರನೆಯದು ಪಾಠದಲ್ಲಿ ಬಾರದ ಸಂದರ್ಭಕ್ಕೆ ಅದನ್ನು ಹೊಂದಿಸುವುದು: ‘ಅಂಗಮಾರಿ ಬಿದ್ದು ಎಲೆಗಳೆಲ್ಲ ಸುಟ್ಟವು. ಗೆಡ್ಡೆಗೆ ರೋಗ ತಗುಲಲಿಲ್ಲ, ಮಣ್ಣಿನಲ್ಲಿ ಗೊಬ್ಬರವೂ ಇದೆ. ಆದರೂ ಗೆಡ್ಡೆ ದಪ್ಪವಾಗಲಿಲ್ಲ, ಏಕೆ?’ ‘ಗೆಡ್ಡೆಗೆ ರೋಗ ತಗುಲಲಿಲ್ಲ’ ಎಂಬ ಮಾತನ್ನು ಬಿಡಬಾರದು. ಬಿಟ್ಟರೆ ‘ರೋಗ ಗೆಡ್ಡೆಗೂ ಇಳಿಯಿತು’ ಎಂಬ ಉತ್ತರ ಬರುತ್ತದೆ. ಅದು ತಪ್ಪಲ್ಲ, ಏಕೆಂದರೆ ಅಂಗಮಾರಿ ಗೆಡ್ಡೆಯನ್ನೂ ಕೊಳೆಸುತ್ತದೆ. ಆದರೆ ಅದರಿಂದ ಮಗುವಿಗೆ ದ್ಯುತಿಸಂಶ್ಲೇಷಣೆ ಎಷ್ಟು ತಿಳಿದಿದೆ ಎಂಬುದು ಗೊತ್ತಾಗುವುದಿಲ್ಲ. ಚನ್ನರಾಯಪಟ್ಟಣದಲ್ಲಿ ಇದೇ ಪ್ರಶ್ನೆಯನ್ನು ಕಪ್ಪುತಲೆ ಹುಳು ಗರಿ ತಿಂದ ತೆಂಗಿನ ಮೇಲೆ ಕೇಳಬಹುದು, ಹೊಳೆನರಸೀಪುರದಲ್ಲಿ ಬೆಂಕಿರೋಗ ಬಿದ್ದ ಭತ್ತದ ಮೇಲೆ. ಅರಕಲಗೂಡಿನ ತಂಬಾಕು ಇನ್ನೂ ಸೊಗಸಾದ ಪ್ರಶ್ನೆ ಕೊಡುತ್ತದೆ: ಹೂವಿನ ಕುಡಿ ಚಿವುಟಿದರೆ ಎಲೆ ಏಕೆ ದಪ್ಪವಾಗುತ್ತದೆ? ಏಳನೇ ತರಗತಿಗೆ ಇಷ್ಟು ಬೇಡ. ಗಿಡದ ಚಿತ್ರ ಕೊಟ್ಟು, ಆಹಾರ ಎಲ್ಲಿ ತಯಾರಾಗಿ ಎಲ್ಲಿಗೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿಸಿದರೆ ಸಾಕು. ಬೇರಿನಿಂದ ಮೇಲಕ್ಕೆ ‘ಆಹಾರ’ದ ಬಾಣ ಎಳೆದ ಮಗು ತನ್ನ ಮನಸ್ಸಿನಲ್ಲಿರುವುದನ್ನೇ ಬಿಡಿಸಿರುತ್ತದೆ.

ಕಾರಣ ಬರೆಸಲು ಸಮಯವೆಲ್ಲಿ, ಬಹುಆಯ್ಕೆಯ ಪ್ರಶ್ನೆ ಸಾಲದೇ ಎಂಬ ವಾದವಿದೆ. ಲೆಕ್ಕ ಹಾಕೋಣ. ನಲವತ್ತು ಮಕ್ಕಳಲ್ಲಿ ಹನ್ನೆರಡು ಮಂದಿಗೆ ಮಾತ್ರ ವಿಷಯ ಗೊತ್ತಿದೆ, ಉಳಿದ 28 ಮಂದಿ ಕಣ್ಣುಮುಚ್ಚಿ ಗುರುತು ಹಾಕಿದರು ಎನ್ನೋಣ. ನಾಲ್ಕು ಆಯ್ಕೆಗಳಿದ್ದರೆ ಅವರಲ್ಲಿ ಏಳು ಮಂದಿಯ ಗುರುತು ಸರಿಬೀಳುತ್ತದೆ. ಅರ್ಧ ತರಗತಿಗೆ ತಿಳಿಯಿತೆಂದು ಶಿಕ್ಷಕಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಕಾರಣದ ಒಂದು ಸಾಲು ಆ ಏಳು ಮಂದಿಯನ್ನು ಬೇರ್ಪಡಿಸುತ್ತದೆ. ಪಕ್ಕದವನ ಚೀಟಿ ನೋಡಿ ಬರೆದದ್ದೂ ಅಲ್ಲೇ ಸಿಕ್ಕಿಬೀಳುತ್ತದೆ, ಏಕೆಂದರೆ ಒಂದೇ ವಾಕ್ಯ ಎರಡು ಚೀಟಿಗಳಲ್ಲಿರುತ್ತದೆ. ಆಂಗ್ಲ ಮಾಧ್ಯಮದ ವಿಭಾಗದಲ್ಲೂ ಈ ಸಾಲನ್ನು ಕನ್ನಡದಲ್ಲಿ ಬರೆಯಲು ಬಿಡಬೇಕು. ಇಲ್ಲದಿದ್ದರೆ ನಾವು ಅಳೆಯುವುದು ಇಂಗ್ಲಿಷನ್ನು.

ಎ4 ಹಾಳೆಯ ಕಾಲು ಭಾಗ, ಗಂಟೆ ಬಾರಿಸುವ ಮುನ್ನ ನಾಲ್ಕೈದು ನಿಮಿಷ, ಒಂದು ದಿನಕ್ಕೆ ಒಂದೇ ಹಂತದ ಒಂದೇ ಪ್ರಶ್ನೆ. ಚೀಟಿಗಳನ್ನು ತಿದ್ದುವುದು ಬೇಡ, ಮೂರು ಗುಡ್ಡೆ ಮಾಡಿದರಾಯಿತು: ಉತ್ತರವೂ ಕಾರಣವೂ ಸರಿ; ಉತ್ತರ ಸರಿ, ಕಾರಣ ತಪ್ಪು; ಎರಡೂ ತಪ್ಪು. ನಡುವಿನ ಗುಡ್ಡೆಯನ್ನು ಪೂರ್ತಿ ಓದಬೇಕು. ‘ಗಾಳಿ’ ಎಂದು ಸರಿಯಾಗಿ ಆರಿಸಿ, ‘ಗಿಡ ಗಾಳಿಯಿಂದ ಉಸಿರಾಡುತ್ತದೆ’ ಎಂದು ಕಾರಣ ಬರೆದ ಚೀಟಿಗಳು ಅಲ್ಲಿ ಸಿಗುತ್ತವೆ. ಅವು ಹೆಚ್ಚಾಗಿದ್ದರೆ ಮರುದಿನ ಏನು ಮಾಡಬೇಕು? ಸಾಮಾನ್ಯವಾಗಿ ಎಲೆಗೆ ಅಯೋಡಿನ್ ಹಾಕುವ ಪ್ರಯೋಗವನ್ನೇ ಮತ್ತೆ ತೋರಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಬಣ್ಣ ನೀಲಿಗಪ್ಪಾದರೆ ಪಿಷ್ಟ ಇದೆಯೆಂದು ತಿಳಿಯಿತು. ಅದರ ಇಂಗಾಲ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಬೇಕಾದದ್ದು ಪಠ್ಯದಲ್ಲೇ ಇರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚಟುವಟಿಕೆ: ಮೂರು ದಿನ ಕತ್ತಲಲ್ಲಿಟ್ಟ ಎರಡು ಕುಂಡ, ಎರಡಕ್ಕೂ ಗಾಜಿನ ಜಾಡಿ, ಒಂದರೊಳಗೆ ಮಾತ್ರ ಇಂಗಾಲದ ಡೈಆಕ್ಸೈಡ್ ಹೀರುವ ಆ ವಸ್ತು, ಅಂಚಿಗೆ ವ್ಯಾಸಲೀನ್, ಎರಡು ಗಂಟೆ ಬಿಸಿಲು, ಆಮೇಲೆ ಅಯೋಡಿನ್. ಮಣ್ಣು, ನೀರು, ಬೆಳಕು ಎರಡಕ್ಕೂ ಒಂದೇ. ಗಾಳಿಯೊಂದು ಬೇರೆಯಾದಾಗ ಪಿಷ್ಟ ಕಾಣೆಯಾಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಕ್ಷಾರ ಚರ್ಮ ಸುಡುತ್ತದೆ, ಅದನ್ನು ಶಿಕ್ಷಕರೇ ಮುಟ್ಟಬೇಕು. ಗಿಡಗಳನ್ನು ಕತ್ತಲಲ್ಲಿಡಲು ಮೂರು ದಿನ ಬೇಕಾದ್ದರಿಂದ ಚೀಟಿಯ ಪ್ರಶ್ನೆಯನ್ನೂ ಆ ಲೆಕ್ಕದಲ್ಲೇ ಮುಂಚಿತವಾಗಿ ಯೋಜಿಸಬೇಕು.

ಇನ್ನು ಅಂಕದ ಮಾತು. 1988ರಲ್ಲಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡನ್ನೂ ಕೊಟ್ಟರು. ಸುಧಾರಿಸಿದವರು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರ ಹಾಗೆಯೇ ಉಳಿದರು. ಅಂಕ ಕಂಡ ಮೇಲೆ ಟಿಪ್ಪಣಿ ಫಲ ಕೊಡಲಿಲ್ಲ. ನಮ್ಮಲ್ಲೂ ಪಾಠ ಕಲಿಸುವ ಪೂರ್ವನಿದರ್ಶನವಿದೆ. 2024ರಲ್ಲಿ ನಕಲು ತಡೆಯಲು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅಂಕ ಎಷ್ಟು ಸುಲಭವಾಗಿ ಉಬ್ಬುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಚೀಟಿಯ ಅಂಕವನ್ನು ಮೇಲಧಿಕಾರಿ ನೋಡುತ್ತಾರೆಂದಾದರೆ ಶಿಕ್ಷಕಿ ಮೊದಲ ಹಂತದ ಪ್ರಶ್ನೆಯನ್ನೇ ಕೇಳುತ್ತಾರೆ. ‘ಗೊಬ್ಬರ’ ಎಂದು ಬರೆದ ಚೀಟಿ, ಅಂದರೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಚೀಟಿ, ಆಗ ಅವರ ಕೈಗೆ ಬರುವುದೇ ಇಲ್ಲ.

ಹಾಸನ ಸೀಮೆಯ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಾಡಬೇಕಾದ್ದು ದೊಡ್ಡದಲ್ಲ. ಚೀಟಿಗಳನ್ನು ದಾಖಲೆಯಾಗಿ ಕೇಳಬಾರದು. ತಪಾಸಣೆಗೆ ಬಂದವರು ‘ನಿನ್ನೆಯ ನಡುಗುಡ್ಡೆಯಲ್ಲಿ ಏನು ಬಂತು, ಇವತ್ತು ಏನು ಬದಲಿಸಿದಿರಿ?’ ಎಂದು ಕೇಳಲಿ. ಪಾಠ ಹಿಂದೆ ಬಿತ್ತೆಂದು ಆಕ್ಷೇಪಿಸದೆ ಮರುದಿನದ ಪೀರಿಯಡ್‌ನ ಮೊದಲ ಐದು ನಿಮಿಷವನ್ನು ಆ ಬದಲಾವಣೆಗೆ ಬಿಟ್ಟುಕೊಡಲಿ. ಜೀವಕ್ರಿಯೆಗಳ ಪಾಠ ಶುರುವಾಗುವ ಮೊದಲೇ ಪ್ರತಿ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಎರಡು ಜಾಡಿ ಇವೆಯೇ ಎಂದು ನೋಡಲಿ.