ಊಟಿಯಲ್ಲಿ ಕೇಕ್ ಕುಸಿದ್ರೆ ಓವನ್‌ನ ಬೈಬೇಡಿ

ಮೈಸೂರಲ್ಲಿ ಯಾವತ್ತೂ ಕೈಕೊಡದ ನನ್ನ ವೆನಿಲ್ಲಾ ಕೇಕನ್ನ ಊಟಿಯ ಅತ್ತೆ ಮನೇಲಿ, ತಂಗಿ ಹುಟ್ಟುಹಬ್ಬದ ಹಿಂದಿನ ದಿನ ಮಾಡಿದೆ. ಮೊದಲು ಟಿನ್ ಅಂಚು ದಾಟಿ ಉಬ್ಬಿತು, ಆಮೇಲೆ ನಡುವೆ ದೊಡ್ಡ ಗುಳಿ. "ಬೇಕಿಂಗ್ ಪೌಡರ್ ಸಾಲ್ದು ಕಣೇ, ಇನ್ನೊಂದು ಚಮಚ ಹಾಕು" ಅಂದ್ರು ಅತ್ತೆ. ಎಲ್ಲರೂ ಕೊಡೋ ಸಲಹೆ ಇದೇ, ನನ್ನ ಪ್ರಕಾರ ಪೂರ್ತಿ ಉಲ್ಟಾ.

ಊಟಿ ಇರೋದು 2,200 ಮೀಟರ್‌ಗಿಂತ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಹಿಟ್ಟಿನೊಳಗಿನ ಗುಳ್ಳೆಗಳು ಜಾಸ್ತಿ ಹಿಗ್ಗಿ, ಕೇಕ್ ಗಟ್ಟಿಯಾಗೋ ಮೊದಲೇ ಒಡೆದುಹೋಗ್ತವೆ. ಇನ್ನೂ ಪೌಡರ್ ಹಾಕಿದ್ರೆ ಇನ್ನೂ ಆಳದ ಗುಳಿ, ಅಷ್ಟೇ!

ಎರಡನೇ ಸಲ 2 ಟೀ ಚಮಚ ಪೌಡರನ್ನ ಒಂದೂವರೆಗೆ ಇಳಿಸಿದೆ. ನಡು ನಿಂತಿತು, ಆದ್ರೆ ಒಣಗಿ ಪುಡಿಪುಡಿ. ಯಾಕಂದ್ರೆ ಅಲ್ಲಿ ನೀರು ಕುದಿಯೋದೇ ಸುಮಾರು 93 ಡಿಗ್ರಿಗೆ, ತೇವ ಬೇಗ ಹಾರುತ್ತೆ. ತೇವ ಹೋದಷ್ಟೂ ಸಕ್ಕರೆಯ ಪಾಲು ಹೆಚ್ಚಿ, ಕೇಕ್ ಕಟ್ಟಿಕೊಳ್ಳೋದು ತಡವಾಗುತ್ತೆ. ಅದಕ್ಕೆ ಮೂರನೇ ಸಲ 1 ಕಪ್ ಸಕ್ಕರೆಯಿಂದ 2 ಟೇಬಲ್ ಚಮಚ ತೆಗೆದೆ, 1 ಕಪ್ ಹಾಲಿಗೆ 3 ಟೇಬಲ್ ಚಮಚ ಸೇರಿಸಿದೆ. ಫೋಟೋದಲ್ಲಿರೋದು ಅದೇ. ಸಿಹಿ ಕಡಿಮೆಯಾಗಿದ್ದು ತಂಗಿಗೆ ಗೊತ್ತೇ ಆಗ್ಲಿಲ್ಲ (ಅತ್ತೆಗೂ!).

ಈ ಲೆಕ್ಕನ ಮೈಸೂರಿಗೆ ಮಾತ್ರ ತರಬೇಡಿ, ಇಲ್ಲಿಗೆ ಹಳೇ ಅಳತೆನೇ ಸರಿ. ಮಡಿಕೇರಿಯವರು ಪೌಡರ್ ಒಂದು ಚೂರು ಕಮ್ಮಿ ಮಾಡಿ ನೋಡಿ, ಗುಳಿ ಬೀಳದಿದ್ರೆ ಸಕ್ಕರೆ ಮುಟ್ಟೋದೇ ಬೇಡ.