ಅಪ್ಪನ ಕಳೆದುಹೋದ ಹತ್ತು ವರ್ಷ

ಅಪ್ಪ ನಿವೃತ್ತಿಗೆ ಎಂಟು ತಿಂಗಳಿರುವಾಗ ಕಚೇರಿಯಿಂದ ಬಂದು, "ನನ್ನ ಎಸ್.ಆರ್. ಮೊದಲ ಸಂಪುಟ ಸಿಗ್ತಿಲ್ವಂತೆ ಕಣೋ" ಅಂದರು. ಸೇವಾ ಪುಸ್ತಕದ ಆ ಸಂಪುಟದಲ್ಲಿದ್ದದ್ದು 1991ರ ನವೆಂಬರ್ 8ರಿಂದ ಹತ್ತು ವರ್ಷದ ನೌಕರಿ. ಅದನ್ನು ಬಿಟ್ಟರೆ ಉಳಿಯೋದು ಸುಮಾರು 23 ವರ್ಷ, ಅಷ್ಟಕ್ಕೆ ಪೂರ್ಣ ಪಿಂಚಣಿ ಸಿಗೋದಿಲ್ಲ.

ಪುಸ್ತಕವನ್ನು ಮತ್ತೆ ಬರೆಯಬೇಕಾದದ್ದು ಕಚೇರಿಯೇ. ಆದರೆ ಆಧಾರ ಒದಗಿಸದೆ ಯಾರು ಬರೀತಾರೆ? ಅಟ್ಟದ ಟ್ರಂಕ್ ಇಳಿಸಿದೆವು. ಸೊಸೈಟಿ ಸಾಲಕ್ಕೆಂದು ಅಪ್ಪ ಜೋಡಿಸಿಟ್ಟಿದ್ದ ಸಂಬಳದ ಚೀಟಿಗಳು, ನೇಮಕಾತಿ ಆದೇಶ, ಎರಡು ವರ್ಗಾವಣೆ ಆದೇಶ ಸಿಕ್ಕವು. ನಾನು ಎಕ್ಸೆಲ್‌ನಲ್ಲಿ ತಿಂಗಳಿಗೊಂದು ಸಾಲಿನಂತೆ 120 ಸಾಲು ಮಾಡಿದೆ. 74 ತುಂಬಿದವು, 46 ಖಾಲಿ.

ಆಗ ಗೊತ್ತಾಯ್ತು, ಚೀಟಿ ಆ ಒಂದು ತಿಂಗಳಿಗೆ ಮಾತ್ರ ಸಾಕ್ಷಿ. ಖಾಲಿ ತಿಂಗಳಿಗೆ ಸುಳಿವು ಕೊಡುವುದು ವಾರ್ಷಿಕ ವೇತನ ಬಡ್ತಿ. ಅಪ್ಪ ನವೆಂಬರಿನಲ್ಲಿ ಸೇರಿದ್ದರಿಂದ ಆಗೆಲ್ಲ ಪ್ರತಿ ನವೆಂಬರಿಗೆ ಮೂಲವೇತನ ಒಂದು ಮೆಟ್ಟಿಲು ಏರಬೇಕು. ಸ್ವಂತ ಕಾರಣಕ್ಕೆ ವೇತನರಹಿತ ರಜೆ ಹಾಕಿದ್ದರೆ ಆ ದಿನಗಳಷ್ಟು ಬಡ್ತಿ ಮುಂದಕ್ಕೆ ಹೋಗುತ್ತದೆ. ಬಡ್ತಿ ಸರಿಯಾದ ತಿಂಗಳಿಗೇ ಬಂದಿದ್ದರೆ, ನಡುವಿನ ಚೀಟಿ ಇಲ್ಲದಿದ್ದರೂ ಆ ವರ್ಷದಲ್ಲಿ ಅಂಥ ಕಡಿತ ಇದ್ದಿರಲಾರದು ಅಂತ ಊಹಿಸಬಹುದು.

ಹಾಗೆ ನೋಡ್ತಾ 1997ಕ್ಕೆ ಬಂದು ನಿಂತೆ. ನವೆಂಬರಿನಲ್ಲಿ ಮೂಲವೇತನ ಏರಿಲ್ಲ, ಡಿಸೆಂಬರಿನಲ್ಲಿ ಏರಿದೆ. ಆ ವರ್ಷದ ಏಪ್ರಿಲ್, ಮೇ ಚೀಟಿಗಳೂ ಇಲ್ಲ. ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಆಸ್ಪತ್ರೇಲಿದ್ರು. ರಜೆ ಎಲ್ಲ ಮುಗಿದಿತ್ತು" ಅಂದರು. 32 ದಿನ ಸಂಬಳವಿಲ್ಲದ ರಜೆ. "ಅದನ್ನೂ ಬರಿ. ಮುಚ್ಚಿಟ್ರೆ ಬಡ್ತಿ ಯಾಕೆ ತಡವಾಯ್ತು ಅಂತ ಕೇಳ್ತಾರೆ, ಆಮೇಲೆ ಉಳಿದದ್ದನ್ನೂ ನಂಬಲ್ಲ." ಆ 32 ದಿನ ಅರ್ಹತಾ ಸೇವೆಯಿಂದ ಹೋಯಿತು. ಹತ್ತು ವರ್ಷದ ಮುಂದೆ ಅದೇನು ದೊಡ್ಡದಲ್ಲ.

ಊಹೆ ಪುರಾವೆಯಲ್ಲವಲ್ಲ. ಯಾವ ತಿಂಗಳು ಯಾವ ಕಚೇರಿಯಲ್ಲಿದ್ದರು ಎಂದು ಪಟ್ಟಿ ಮಾಡಿ ಅರ್ಜಿ ಕೊಟ್ಟೆವು. ಹಳೆಯ ಕಚೇರಿಗಳ ಬಟವಾಡೆ ಪಟ್ಟಿಯಲ್ಲಿ ಅಪ್ಪನ ಸಹಿ ಸಿಕ್ಕಿತು. ವರ್ಗಾವಣೆಯ ನಡುವಿನ ದಿನಗಳಿಗೆ ಬಿಡುಗಡೆ ಆದೇಶ, ಹಾಜರಾತಿ ವರದಿಗಳ ಕಚೇರಿ ಪ್ರತಿ ಸಿಕ್ಕವು. ಕಚೇರಿ ಮುಖ್ಯಸ್ಥರು ಪ್ರತಿ ನಮೂದನ್ನೂ ಮೂಲದೊಂದಿಗೆ ತಾಳೆ ನೋಡಿ ಸಹಿ ಹಾಕಿದರು. ಆಮೇಲಷ್ಟೇ ಕಡತ ಮಹಾಲೇಖಪಾಲರ ಕಚೇರಿಗೆ ಹೋಯಿತು.

ನಿಮ್ಮ ಮನೆಯಲ್ಲಿ ನೌಕರಿಯಲ್ಲಿರುವವರಿದ್ದರೆ, ಈ ಭಾನುವಾರ ಪ್ರತಿ ವರ್ಷ ಬಡ್ತಿ ಬಂದ ತಿಂಗಳಿನ ಚೀಟಿಯನ್ನಾದರೂ ಹುಡುಕಿ ತೆಗೆದಿಡಿ. ಅಪ್ಪನ ಟ್ರಂಕು ಈಗ ಅಟ್ಟದಲ್ಲಿಲ್ಲ, ನನ್ನ ಮೇಜಿನ ಪಕ್ಕದಲ್ಲಿದೆ.