ಅಡುಗೆಯಾಕೆಯೂ ಬಡಗಿಯೂ

ಹುದ್ದೆಗಳನ್ನು ಇಡಿಯಾಗಿ ನೋಡಿ ಮೇಲುಕೀಳಾಗಿ ಸಾಲಿಗಿಡುವ ಶ್ರೇಣೀಕರಣವು ಸುಲಭವೇನೋ ಹೌದು. ಆದರೆ ಆ ಸಾಲಿನಲ್ಲಿ ಹಳೆಯ ರೂಢಿಯೇ ಹೆಚ್ಚಾಗಿ ಕುಳಿತಿರುತ್ತದೆ. ಇಂಗ್ಲೆಂಡಿನ ಬರ್ಕನ್‌ಹೆಡ್ಡಿನ ಹಡಗುಕಟ್ಟೆಯಲ್ಲಿ ಜೂಲಿ ಹೇವರ್ಡ್ ಎಂಬಾಕೆ ಕ್ಯಾಂಟೀನಿನ ಅಡುಗೆಯಾಕೆ. ಬಣ್ಣ ಬಳಿಯುವವನಿಗೂ ಬಡಗಿಗೂ ಆಕೆಗಿಂತ ಹೆಚ್ಚು ಸಂಬಳ. ಆಕೆ ದಾವೆ ಹೂಡಿದ ಮೇಲೆ, 1984ರಲ್ಲಿ ಸ್ವತಂತ್ರ ತಜ್ಞರೊಬ್ಬರು ದೇಹಶ್ರಮ, ಕೆಲಸದ ಸ್ಥಳದ ಕಷ್ಟ, ಯೋಜನೆ ಮತ್ತು ತೀರ್ಮಾನ, ಕುಶಲತೆ, ಹೊಣೆ ಎಂಬ ಐದು ಅಂಶಗಳಲ್ಲಿ ಈ ಕೆಲಸಗಳನ್ನು ಬಿಡಿಬಿಡಿಯಾಗಿ ತೂಗಿ, ಅವು ಸಮಮೌಲ್ಯದವೆಂದು ಕಂಡರು. ಊಟ, ಕಾಯಿಲೆಯ ರಜೆಯ ವೇತನ ಮುಂತಾದ ಸೌಲಭ್ಯಗಳು ಆಕೆಗೇ ಮೇಲಾಗಿವೆಯೆಂಬ ಮಾಲಿಕರ ವಾದವು 1988ರಲ್ಲಿ ಹೌಸ್ ಆಫ್ ಲಾರ್ಡ್ಸಿನಲ್ಲಿ ನಿಲ್ಲಲಿಲ್ಲ.

ಹಾಗೆಂದು ಅಂಕಪದ್ಧತಿಯೂ ನಿರ್ದೋಷಿಯಲ್ಲ. ಭಾರ ಎತ್ತುವುದಕ್ಕೆ 20 ಅಂಕ, ಒಲೆಯ ಮುಂದೆ ನಿಲ್ಲುವುದಕ್ಕೆ 5 ಎಂದು ಮೊದಲೇ ಗೊತ್ತುಮಾಡಿಟ್ಟರೆ, ಕೂಡುವ ಲೆಕ್ಕವೆಲ್ಲ ಸರಿಯಾಗಿದ್ದರೂ ಬರುವ ತೀರ್ಪು ಹಿಂದಿನದೇ.